ಟೈಮರ್ ಕೂಗಿದಾಗ ಮನಸ್ಸು ಎಲ್ಲಿತ್ತು?

ತುಮಕೂರಿನ ಅಕ್ಕನ ಮನೆ, ಆಗಸ್ಟ್ ತಿಂಗಳ ಒಂದು ಸಂಜೆ. ದ್ವಿತೀಯ ಪಿಯುಸಿ ಕಾಮರ್ಸ್ ಓದುತ್ತಿದ್ದ ಅಕ್ಕನ ಮಗಳು ಊಟದ ಮೇಜಿನ ತುಂಬ ಅಕೌಂಟೆನ್ಸಿ ಲೆಕ್ಕ ಹರಡಿಕೊಂಡು ಕೂತಿದ್ದಳು. ಇಬ್ಬರು ಪಾಲುದಾರರ ಅಂಗಡಿಗೆ ಮೂರನೆಯವನು ಬಂದು ಸೇರುವ ಲೆಕ್ಕ. ರೀವ್ಯಾಲ್ಯುಯೇಷನ್ ಅಕೌಂಟ್ ಮುಗಿದಿತ್ತು, ಕ್ಯಾಪಿಟಲ್ ಅಕೌಂಟ್ ಮುಗಿದಿತ್ತು, ಬ್ಯಾಲೆನ್ಸ್ ಶೀಟಿನ ಅರ್ಧಕ್ಕೆ ಬಂದಿದ್ದಳು. ಅಷ್ಟರಲ್ಲಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಪುಟ್ಟ ಟೈಮರ್ ಬೀಪ್ ಬೀಪ್ ಎಂದಿತು. ಅವಳು ಪೆನ್ನು ಕೆಳಗಿಟ್ಟು, ಎದ್ದು, ಬಾಲ್ಕನಿಗೆ ಹೋದಳು. ಐದು ನಿಮಿಷಕ್ಕೆ ಸರಿಯಾಗಿ ವಾಪಸು ಬಂದಳು. 48,000 ರೂಪಾಯಿಯ ಯಂತ್ರಕ್ಕೆ ಶೇ. 10 ಸವಕಳಿ, ಅಂದರೆ 4,800 ಕಳೆದು 43,200 ಬರೆದಾಗಿತ್ತೋ, ಇನ್ನೂ ಕಳೆಯಬೇಕಿತ್ತೋ ಎಂಬುದು ಮರೆತುಹೋಗಿತ್ತು. ಮತ್ತೆ ಮೇಲಿನಿಂದ ಶುರು.

“ಇಪ್ಪತ್ತೈದು ನಿಮಿಷ ಓದಿ ಐದು ನಿಮಿಷ ಬಿಡಬೇಕು ಅಂತ ಎಲ್ಲಾ ವಿಡಿಯೋದಲ್ಲೂ ಹೇಳ್ತಾರೆ ಮಾಮ,” ಎಂದಳು, ನಾನು ಏನೂ ಕೇಳದಿದ್ದರೂ.

ಅಡುಗೆಮನೆಯಿಂದ ಅಕ್ಕನ ದನಿ ಬಂತು: “ತೊಗರಿಬೇಳೆಗೂ ಕಡಲೆಕಾಳಿಗೂ ಒಂದೇ ಲೆಕ್ಕದ ಕೂಗು ಕೂಗಿಸ್ತಾರೇನೇ?”

ಓದಿನ ಟೈಮರ್ ಬಗ್ಗೆ ನಾನು ಓದಿದ ಯಾವ ಪುಸ್ತಕದಲ್ಲೂ ಇಷ್ಟು ಚೊಕ್ಕವಾದ ಟೀಕೆ ಸಿಕ್ಕಿರಲಿಲ್ಲ. ಆದರೆ ಆ ಇಪ್ಪತ್ತೈದು ನಿಮಿಷ ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋದರೆ, ಅದನ್ನು ಕಂಡುಹಿಡಿದವನೂ ಹೆಚ್ಚುಕಡಿಮೆ ಅಕ್ಕನ ಪಕ್ಷವೇ.

ಅವನ ಹೆಸರು ಫ್ರಾನ್ಸೆಸ್ಕೊ ಚಿರಿಲ್ಲೊ, ಇಟಲಿಯವನು. 1980ರ ದಶಕದ ಕೊನೆಯ ಹೊತ್ತಿಗೆ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ. ಓದು ತಲೆಗೆ ಹತ್ತುತ್ತಿರಲಿಲ್ಲ. ಒಂದು ದಿನ ತನ್ನ ಜೊತೆ ತಾನೇ ಪಂದ್ಯ ಕಟ್ಟಿದ: ಹತ್ತು ನಿಮಿಷ, ಬರೀ ಹತ್ತು ನಿಮಿಷ, ನಿಜವಾಗಿ ಓದಬಲ್ಲೆಯಾ? ಪಂದ್ಯಕ್ಕೊಬ್ಬ ತೀರ್ಪುಗಾರ ಬೇಕಲ್ಲ, ಅಡುಗೆಮನೆಯಲ್ಲಿದ್ದ ಟೊಮ್ಯಾಟೊ ಆಕಾರದ ಟೈಮರನ್ನು ತಿರುಗಿಸಿ ಮುಂದಿಟ್ಟುಕೊಂಡ. ಇಟಾಲಿಯನ್ ಭಾಷೆಯಲ್ಲಿ ಟೊಮ್ಯಾಟೊಗೆ ಪೊಮೊಡೊರೊ ಎನ್ನುತ್ತಾರೆ. ಈಗ ಲೋಕವೆಲ್ಲ ಬಳಸುವ ಹೆಸರು ಅಲ್ಲಿಂದಲೇ ಬಂದದ್ದು. ಮೊದಲ ಸಲ ಪಂದ್ಯ ಗೆಲ್ಲಲಿಲ್ಲ ಎಂದು ಅವನೇ ಒಪ್ಪಿಕೊಂಡಿದ್ದಾನೆ. ಹತ್ತರಿಂದ ಶುರುಮಾಡಿ, ಹೆಚ್ಚು ಕಡಿಮೆ ಮಾಡಿ ನೋಡುತ್ತ ಇಪ್ಪತ್ತೈದಕ್ಕೆ ಬಂದು ನಿಂತ. ಇಪ್ಪತ್ತೈದು ಕೆಲಸ, ಐದು ಬಿಡುವು, ಇಂಥ ನಾಲ್ಕು ಸುತ್ತಾದ ಮೇಲೆ ಹದಿನೈದರಿಂದ ಮೂವತ್ತು ನಿಮಿಷದ ದೊಡ್ಡ ಬಿಡುವು. ಅವನ ಬರಹದಲ್ಲೇ ಅವಧಿ 20ರಿಂದ 35 ನಿಮಿಷ ಇರಬಹುದು, ಹೆಚ್ಚೆಂದರೆ 40, ಎಂಬ ಮಾತಿದೆ. ವಿಡಿಯೋಗಳಿಗೆ ಬರುವಷ್ಟರಲ್ಲಿ ಆ ಸಡಿಲ ಹೋಗಿ ಇಪ್ಪತ್ತೈದೇ ಶಾಸ್ತ್ರವಾಗಿಬಿಟ್ಟಿದೆ.

ಚಿರಿಲ್ಲೊ ಇನ್ನೊಂದು ಕೆಲಸ ಮಾಡಿದ್ದ, ಅದನ್ನು ಹೆಚ್ಚಿನವರು ಕೈಬಿಟ್ಟಿದ್ದಾರೆ. ಓದುವಾಗ ಮನಸ್ಸು ತಾನಾಗಿ ಬೇರೆಡೆ ಹಾರಿದರೆ ಹಾಳೆಯ ಮೇಲೆ ಒಂದು ಮೇಲ್ಚುಕ್ಕೆ, ಅಂದರೆ (') ಗುರುತು. ಹೊರಗಿನವರು ಬಂದು ಕೆಡಿಸಿದರೆ ಒಂದು ಅಡ್ಡಗೆರೆ, (-) ಗುರುತು. ಈ ಗುರುತುಗಳಿಲ್ಲದೆ ಟೈಮರ್ ಬರೀ ಗಲಾಟೆ ಮಾಡುವ ಯಂತ್ರ. ಎಷ್ಟು ಹೊತ್ತು ಕೂತೆ ಎಂಬುದನ್ನು ಅದು ಹೇಳುತ್ತದೆಯೇ ಹೊರತು, ಕೂತಾಗ ಮನಸ್ಸು ಎಲ್ಲಿತ್ತು ಎಂಬುದನ್ನು ಹೇಳುವುದು ಹಾಳೆಯ ಅಂಚಿನ ಈ ಚಿಕ್ಕ ಗೀಟುಗಳೇ.

ಗಮನ ಹೊತ್ತು ಕಳೆದಂತೆ ಸೋರಿಹೋಗುತ್ತದೆ ಎಂಬುದನ್ನು ಮೊದಲು ಅಳೆದು ತೋರಿಸಿದವರಲ್ಲಿ ಬ್ರಿಟನ್ನಿನ ನಾರ್ಮನ್ ಮ್ಯಾಕ್‌ವರ್ತ್ ಒಬ್ಬ. ಎರಡನೆಯ ಮಹಾಯುದ್ಧದ ಕಾಲದಲ್ಲಿ ರಾಡಾರ್ ಪರದೆ ನೋಡುತ್ತ ಕೂತ ವಾಯುಪಡೆಯವರು ಹೊತ್ತಾದಂತೆ ಗುರುತುಗಳನ್ನು ತಪ್ಪಿಸಿಕೊಳ್ಳುತ್ತಿದ್ದರು. ಅದನ್ನು ಪರೀಕ್ಷಿಸಲು ಅವನೊಂದು ಬೋಳು ಗಡಿಯಾರ ಮಾಡಿದ. ಅಂಕಿಗಳಿಲ್ಲ, ಒಂದೇ ಮುಳ್ಳು. ಅದು ಒಂದೊಂದೇ ಹೆಜ್ಜೆ ಜಿಗಿಯುತ್ತದೆ, ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಒಟ್ಟಿಗೆ ಜಿಗಿಯುತ್ತದೆ. ಆ ಜೋಡಿ ಜಿಗಿತ ಕಂಡಾಗ ಗುಂಡಿ ಒತ್ತಬೇಕು, ಎರಡು ಗಂಟೆ. 1948ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೊದಲ ಅರ್ಧ ಗಂಟೆಯ ನಂತರ ತಪ್ಪಿಸಿಕೊಳ್ಳುವುದು ಎದ್ದು ಕಾಣುವಷ್ಟು ಹೆಚ್ಚಿತು. ಅರ್ಧ ಗಂಟೆ ಕೆಲಸ, ಅರ್ಧ ಗಂಟೆ ವಿಶ್ರಾಂತಿ ಎಂದು ಸರದಿ ಮಾಡಿದಾಗ ಆ ಇಳಿತ ಕಾಣಲಿಲ್ಲ.

ಬಿಡುವು ಯಾಕೆ ಕೆಲಸ ಮಾಡುತ್ತದೆ ಎಂಬುದಕ್ಕೆ 2011ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಅರಿಗ ಮತ್ತು ಯೆರಾಸ್ ಎಂಬಿಬ್ಬರು ಬೇರೊಂದು ವಿವರಣೆ ಕೊಟ್ಟರು. ಐವತ್ತು ನಿಮಿಷದ ಬೇಸರದ ಕೆಲಸ; ನಡುವೆ ಎರಡೇ ಎರಡು ಸಲ, ಕ್ಷಣಹೊತ್ತು, ಬೇರೆ ಚಿಕ್ಕ ಕೆಲಸದ ಕಡೆ ತಿರುಗಿದವರ ಗಮನ ಕೊನೆಯವರೆಗೂ ಕುಸಿಯಲಿಲ್ಲ. ಅಷ್ಟು ಚಿಕ್ಕ ಬಿಡುವಿನಲ್ಲಿ ಯಾವ ದಣಿವು ಆರೀತು? ಅವರ ಪ್ರಕಾರ ಇದು ದಣಿವಿನ ಮಾತೇ ಅಲ್ಲ. ಮೈಮೇಲಿನ ಬಟ್ಟೆಯ ಸ್ಪರ್ಶ ಸ್ವಲ್ಪ ಹೊತ್ತಿಗೆ ಗೊತ್ತೇ ಆಗದ ಹಾಗೆ, ಒಂದೇ ಗುರಿ ಬಹಳ ಹೊತ್ತು ಮನಸ್ಸಿನ ಮುಂದಿದ್ದರೆ ಅದೂ ಗೊತ್ತಾಗದ ಹಾಗಾಗುತ್ತದೆ. ಒಮ್ಮೆ ಬಿಟ್ಟು ಮತ್ತೆ ಹಿಡಿದರೆ ಹೊಸದಾಗುತ್ತದೆ. ಆದರೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು: ಮುಳ್ಳು ನೋಡುವುದು, ಪರದೆಯ ಗೆರೆ ನೋಡುವುದು ಬೇಸರದ ಕೆಲಸಗಳು. ಬ್ಯಾಲೆನ್ಸ್ ಶೀಟ್ ಹಾಗಲ್ಲ. ಪ್ರತಿ ಸಾಲೂ ಮುಂದಿನ ಸಾಲಿಗೆ ತಳ್ಳುತ್ತದೆ, ಟ್ಯಾಲಿ ಆಗುತ್ತದೋ ಇಲ್ಲವೋ ಎಂಬ ಕುತೂಹಲವೇ ಎಳೆದುಕೊಂಡು ಹೋಗುತ್ತದೆ. ಓದುವುದರಲ್ಲೂ ಎರಡು ಬಗೆಯಿದೆ, ಎರಡಕ್ಕೂ ಒಂದೇ ಅವಧಿ ಹೊಂದುವುದಿಲ್ಲ.

ಹಾಗಾಗಿ ನಾವಿಬ್ಬರೂ ಮೂರು ದಿನ ಟೈಮರನ್ನು ಉಲ್ಟಾ ಬಳಸಿದೆವು. ಇಳಿಯುವ ಎಣಿಕೆ ಬಿಟ್ಟು ಏರುವ ಎಣಿಕೆ. ಅಂಗಡಿಯಲ್ಲಿ ಸಿಗುವ ಅಯಸ್ಕಾಂತದ ಡಿಜಿಟಲ್ ಟೈಮರಿನಲ್ಲಿ MIN ಮತ್ತು SEC ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಸೊನ್ನೆಗೆ ಬರುತ್ತದೆ. ಸೊನ್ನೆಯಿಂದ ಶುರು ಒತ್ತಿದರೆ ಸಾಮಾನ್ಯವಾಗಿ ಮೇಲಕ್ಕೆ ಎಣಿಸುತ್ತದೆ. ಅವಳಿಗೆ ಹೇಳಿದ್ದಿಷ್ಟೇ: ಓದುತ್ತ ಹೋಗು. ಕಣ್ಣು ಸಾಲಿನ ಮೇಲಿದ್ದು ಮನಸ್ಸು ಬೇರೆಲ್ಲೋ ಇದೆ ಎಂದು ಮೊದಲ ಸಲ ಗೊತ್ತಾದಾಗ ಟೈಮರ್ ನೋಡು, ನಿಮಿಷ ಬರೆದುಕೋ. ಬೈದುಕೊಳ್ಳಬೇಡ.

ಅಕೌಂಟೆನ್ಸಿಗೆ ಬಂದ ಅಂಕಿ 34, 41, 37. ಬಿಸಿನೆಸ್ ಸ್ಟಡೀಸ್‌ಗೆ 17, 15, 19. ಎಕನಾಮಿಕ್ಸ್‌ಗೆ 12, 9, 14. ಹುಡುಗಿ ಒಬ್ಬಳೇ, ಮೇಜು ಅದೇ, ಸಂಜೆ ಆರೂವರೆಯ ಹೊತ್ತೂ ಅದೇ. ಇಪ್ಪತ್ತೈದು ಎಂಬ ಅಂಕಿ ಮೂರರಲ್ಲಿ ಒಂದಕ್ಕೂ ಹೊಂದುತ್ತಿರಲಿಲ್ಲ. ಒಂದರಲ್ಲಿ ಹತ್ತು ನಿಮಿಷ ಮೊದಲೇ ಎಬ್ಬಿಸುತ್ತಿತ್ತು, ಉಳಿದ ಎರಡರಲ್ಲಿ ಮನಸ್ಸು ಎದ್ದುಹೋದ ಮೇಲೂ ಮೈಯನ್ನು ಕೂರಿಸಿಟ್ಟಿರುತ್ತಿತ್ತು. ಪ್ರತಿ ವಿಷಯದ ನಡುವಿನ ಅಂಕಿ ತೆಗೆದುಕೊಂಡು, ಅದಕ್ಕಿಂತ ಚೂರು ಕಡಿಮೆಗೆ ಟೈಮರ್ ಇಟ್ಟೆವು: ಅಕೌಂಟೆನ್ಸಿಗೆ 35, ಬಿಸಿನೆಸ್‌ಗೆ 15, ಎಕನಾಮಿಕ್ಸ್‌ಗೆ 10. ಚೂರು ಕಡಿಮೆ ಯಾಕೆಂದರೆ ಮನಸ್ಸು ಜಾರುವ ಮುಂಚೆ ಎದ್ದರೆ ವಾಪಸು ಬರಲು ಮನಸ್ಸಾಗುತ್ತದೆ. ಜಾರಿದ ಮೇಲೆ ಎದ್ದರೆ ಎದ್ದೇ ಹೋಗುತ್ತದೆ. ಬಿಡುವು ಓದಿದ ಹೊತ್ತಿನ ಐದನೇ ಒಂದು ಭಾಗ, ಆದರೆ ಮೂರು ನಿಮಿಷಕ್ಕಿಂತ ಕಡಿಮೆ ಬೇಡ. ನೀರು ಕುಡಿದು ಬರುವುದಕ್ಕೇ ಅಷ್ಟಾಗುತ್ತದೆ.

ಇನ್ನು ಗಮನ ಇಳಿದಾಗ ಅವಧಿ ಬದಲಿಸುವ ವಿಚಾರ. ಇಲ್ಲಿ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಎರಡನೇ ವಾರ ಎಕನಾಮಿಕ್ಸ್‌ನ ಹತ್ತು ನಿಮಿಷವೂ ಒಡೆಯತೊಡಗಿತು. ಒಂದೊಂದು ಸುತ್ತಿನಲ್ಲಿ ನಾಲ್ಕೈದು ಮೇಲ್ಚುಕ್ಕೆ. “ಐದಕ್ಕೆ ಇಳಿಸು,” ಎಂದೆ. ಐದರಲ್ಲೂ ಮೂರು ಚುಕ್ಕೆ ಬಿತ್ತು. ಆಮೇಲೆ ಹಾಳೆಯನ್ನು ಸರಿಯಾಗಿ ನೋಡಿದಾಗ ಗೊತ್ತಾಯಿತು, ಚುಕ್ಕೆಗಳೆಲ್ಲ ಕೊನೆಯಲ್ಲಿಲ್ಲ, ಮೊದಲ ಎರಡು ನಿಮಿಷದಲ್ಲೇ ಇವೆ. ಕೂತ ಎರಡೇ ನಿಮಿಷಕ್ಕೆ ಯಾರೂ ದಣಿಯುವುದಿಲ್ಲ. ಪಾಠ ಯಾವುದು ಎಂದು ಕೇಳಿದೆ. ಮಲ್ಟಿಪ್ಲೈಯರ್, ನಮ್ಮ ಕಾಲದಲ್ಲಿ ಗುಣಕ ಎನ್ನುತ್ತಿದ್ದೆವು. ಅದು ಅವಳಿಗೆ ಅರ್ಥವಾಗಿರಲಿಲ್ಲ, ಅಷ್ಟೇ. ಅರ್ಥವಾಗದ ಪುಟವನ್ನು ಐದು ನಿಮಿಷ ಓದಿದರೂ ಒಂದೇ, ಐವತ್ತು ನಿಮಿಷ ಓದಿದರೂ ಒಂದೇ.

ಪುಸ್ತಕ ಮುಚ್ಚಿಸಿ ಬಿಳಿ ಹಾಳೆ ಕೊಟ್ಟೆ. ಜನ ಕೈಗೆ ಬಂದ ಪ್ರತಿ ನೂರು ರೂಪಾಯಿಯಲ್ಲಿ 80 ಖರ್ಚು ಮಾಡುತ್ತಾರೆ ಎಂದುಕೋ. ಸರ್ಕಾರ ಒಬ್ಬ ಗಾರೆ ಕೆಲಸದವನಿಗೆ 100 ಕೊಟ್ಟಿತು. ಅವನು 80 ಅನ್ನು ದಿನಸಿ ಅಂಗಡಿಗೆ ಕೊಟ್ಟ. ಅಂಗಡಿಯವನು 64 ಅನ್ನು ದರ್ಜಿಗೆ ಕೊಟ್ಟ. ದರ್ಜಿ 51 ರೂಪಾಯಿ 20 ಪೈಸೆಯನ್ನು ಇನ್ನೊಬ್ಬನಿಗೆ. ಬರೆಯುತ್ತ ಹೋಗಿ ಕೂಡುತ್ತ ಬಾ, ಎಲ್ಲಿಗೆ ಹೋಗಿ ನಿಲ್ಲುತ್ತದೆ ನೋಡೋಣ. ಅದು 500ರ ಹತ್ತಿರ ಹತ್ತಿರ ಹೋಗುತ್ತದೆ, ಅಂದರೆ ಗುಣಕ ಐದು. ಅವಳು ಎಂಟು ಹೆಜ್ಜೆ ಬರೆದು, ಮೊತ್ತ 400 ದಾಟಿದಾಗ ತಲೆಯೆತ್ತಿದಳು. ಟೈಮರಿನಲ್ಲಿ 20 ನಿಮಿಷ ಆಗಿತ್ತು, ಅಂಚಿನಲ್ಲಿ ಒಂದು ಚುಕ್ಕೆಯೂ ಇರಲಿಲ್ಲ.

ಆಮೇಲಿನಿಂದ ನಮ್ಮ ನಿಯಮ ಇದಾಯಿತು, ಸಂಶೋಧನೆಯದ್ದಲ್ಲ, ಊಟದ ಮೇಜಿನದ್ದು. ಚುಕ್ಕೆಗಳು ಸುತ್ತಿನ ಕೊನೆಯ ಭಾಗದಲ್ಲಿ ಗುಂಪಾಗಿ ಬಿದ್ದರೆ ಅವಧಿ ಉದ್ದವಾಯಿತು ಎಂದು ಅರ್ಥ. ಮೊದಲ ಚುಕ್ಕೆ ಬಿದ್ದ ನಿಮಿಷಕ್ಕೇ ಮುಂದಿನ ಸುತ್ತನ್ನು ಇಳಿಸು. ಮೊದಲ ಎರಡು ಮೂರು ನಿಮಿಷದಲ್ಲೇ ಬಿದ್ದರೆ ಟೈಮರ್ ಮುಟ್ಟಬೇಡ, ಕೆಲಸ ಬದಲಿಸು: ಓದುತ್ತಿದ್ದರೆ ಬರೆ, ತಿಳಿಯದಿದ್ದರೆ ಕೇಳು. ಚುಕ್ಕೆಗಳು ಸುತ್ತಿನುದ್ದಕ್ಕೂ ಚೆಲ್ಲಾಪಿಲ್ಲಿಯಾಗಿದ್ದರೆ ತಪ್ಪು ಬಹಳ ಸಲ ಮೈಯದ್ದು. ನಿದ್ದೆ ಕಡಿಮೆಯಾಗಿರುತ್ತದೆ, ಹೊಟ್ಟೆ ಖಾಲಿಯಿರುತ್ತದೆ, ಇಲ್ಲವೆ ಭಾನುವಾರ ಮಧ್ಯಾಹ್ನದ ಊಟ ಗಡದ್ದಾಗಿರುತ್ತದೆ. ಹತ್ತು ನಿಮಿಷದ ಎರಡು ಸುತ್ತು ಒಂದರ ಹಿಂದೊಂದು ಒಡೆದರೆ ಆ ಹೊತ್ತಿಗೆ ಓದು ನಿಲ್ಲಿಸಿ ಮಲಗುವುದೇ ಲಾಭ. ಇನ್ನೂ ಇಳಿಸುತ್ತ ಹೋದರೆ ಕೊನೆಗೆ ಬಿಡುವೇ ಓದಿಗಿಂತ ಉದ್ದವಾಗುತ್ತದೆ.

ಇಳಿಸುವುದು ಅಲ್ಲೇ, ಆ ಕ್ಷಣವೇ. ಏರಿಸುವುದಕ್ಕೆ ಮಾತ್ರ ಅವಸರ ಬೇಡ. ಒಂದು ಸುತ್ತು ಚೆನ್ನಾಗಿ ಹೋಯಿತೆಂದು ತಕ್ಷಣ ಹದಿನೈದು ನಿಮಿಷ ಸೇರಿಸಿದರೆ ಮುಂದಿನದು ಒಡೆಯುತ್ತದೆ. ಮೂರು ಸುತ್ತು ಚುಕ್ಕೆಯಿಲ್ಲದೆ ಹೋದರೆ ಐದು ನಿಮಿಷ ಸೇರಿಸುತ್ತಿದ್ದೆವು. ಬಿಸಿನೆಸ್ ಸ್ಟಡೀಸ್ ಹೀಗೆ ಹದಿನೈದರಿಂದ ಶುರುವಾಗಿ ನವೆಂಬರ್ ಹೊತ್ತಿಗೆ ಇಪ್ಪತ್ತೈದಕ್ಕೆ ಬಂತು. ವಿಡಿಯೋದವರು ಹೇಳಿದ ಅಂಕಿಯೇ, ಆದರೆ ಈಗ ಅದು ಅವಳದ್ದಾಗಿತ್ತು.

ಲೆಕ್ಕದ ನಡುವೆ ಟೈಮರ್ ಕೂಗಿದರೆ? ಇದು ಮೊದಲ ಸಂಜೆಯ ಪ್ರಶ್ನೆ. ಮೈಮರೆತು ಮಾಡುತ್ತಿದ್ದರೆ ಕೂಗನ್ನು ನಿಲ್ಲಿಸಿ, ಹಿಡಿದ ಅಕೌಂಟ್ ಮುಗಿಸಿ ಏಳಬೇಕು, ಅದರಲ್ಲಿ ತಪ್ಪಿಲ್ಲ ಎಂದು ನನ್ನ ಅಭಿಪ್ರಾಯ. ಚಿರಿಲ್ಲೊನ ಶಿಸ್ತಿನ ಪ್ರಕಾರ ಇದು ತಪ್ಪು. ಗಂಟೆಯಾದರೆ ಪೆನ್ನು ಕೆಳಗೆ. ಅವನ ವಾದದಲ್ಲೂ ಹುರುಳಿದೆ, ಇನ್ನೈದು ನಿಮಿಷ ಎನ್ನುತ್ತ ಒಂದೂವರೆ ಗಂಟೆ ಕೂತು, ಆಮೇಲೆ ಇಡೀ ಸಂಜೆ ಮಂಕಾಗಿ ಕಳೆಯುವವರನ್ನು ನಾವೆಲ್ಲ ನೋಡಿದ್ದೇವೆ. ಹಾಗಾಗಿ ಒಂದು ಒಪ್ಪಂದಕ್ಕೆ ಬಂದೆವು. ಏಳುವ ಮೊದಲು, ಅದು ಈಗಲಾದರೂ ಸರಿ, ಹಿಡಿದ ಅಕೌಂಟ್ ಮುಗಿದ ಮೇಲಾದರೂ ಸರಿ, ಪೆನ್ಸಿಲಿನಲ್ಲಿ ಒಂದು ಸಾಲು ಬರೆಯಬೇಕು: “ಯಂತ್ರ 43,200 ಬರೆದಾಯ್ತು. ಮುಂದೆ ಸಾಲಗಾರರು, ಸಂಶಯಾಸ್ಪದ ಸಾಲದ ಮೀಸಲು ಕಳೆಯಬೇಕು.” ಹತ್ತು ಸೆಕೆಂಡಿನ ಕೆಲಸ. ಅದಿಲ್ಲದಿದ್ದರೆ ವಾಪಸು ಬಂದಾಗ ಎಲ್ಲಿದ್ದೆ ಎಂದು ಹುಡುಕುವುದರಲ್ಲೇ ಹೊಸ ಸುತ್ತಿನ ಮೊದಲ ಚುಕ್ಕೆ ಬೀಳುತ್ತದೆ.

ಬಿಡುವಿನದು ಇನ್ನೊಂದು ಕಥೆ. ಓದಿಗೆ ಟೈಮರ್ ಇಡುವವರು ಬಿಡುವಿಗೆ ಇಡುವುದಿಲ್ಲ, ಕೆಡುವುದು ಅಲ್ಲಿಯೇ. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 87 ವಿದ್ಯಾರ್ಥಿಗಳಿದ್ದರು. ಕೆಲವರಿಗೆ 24 ನಿಮಿಷ ಓದಿಗೆ 6 ನಿಮಿಷ ಬಿಡುವು, ಕೆಲವರಿಗೆ 12 ನಿಮಿಷಕ್ಕೆ 3 ನಿಮಿಷ, ಉಳಿದವರು ತಮಗೆ ಬೇಕೆನಿಸಿದಾಗ ಬಿಡುವು ತೆಗೆದುಕೊಳ್ಳಬಹುದು. ತಾವೇ ನಿರ್ಧರಿಸಿದವರು ಹೆಚ್ಚು ಹೊತ್ತು ಕೂತರು, ಬಿಡುವನ್ನೂ ಉದ್ದಕ್ಕೆ ಎಳೆದರು; ದಣಿವು ಮತ್ತು ಮನಸ್ಸು ಚದುರುವುದು ತಮಗೆ ಹೆಚ್ಚಾಯಿತು ಎಂದರು. ಆದರೆ ಮುಗಿಸಿದ ಕೆಲಸದಲ್ಲಿ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಟೈಮರ್ ಹಿಡಿದರೆ ರ‍್ಯಾಂಕ್ ಬರುತ್ತದೆ ಎನ್ನುವವರು ಆ ಕೊನೆಯ ವಾಕ್ಯವನ್ನು ಎರಡು ಸಲ ಓದಬೇಕು. ಟೈಮರ್ ಕೊಡುವುದು ಸಂಜೆ ಎಂಟಕ್ಕೂ ಸ್ವಲ್ಪ ಉಳಿದಿರುವ ತಲೆಯನ್ನು, ಅಷ್ಟೇ.

ಬಿಡುವಿನ ಟೈಮರ್ ಫೋನಿನಲ್ಲಿರಬಾರದು ಎಂಬುದು ನನ್ನ ಹಟ. ಕೂಗು ನಿಲ್ಲಿಸಲು ಫೋನ್ ಎತ್ತಿಕೊಂಡರೆ ಪರದೆಯ ಮೇಲೆ ಮೂರು ಸಂದೇಶ ಕಾಯುತ್ತಿರುತ್ತವೆ; ಐದು ನಿಮಿಷ ಅಲ್ಲಿಗೇ ಮುಗಿಯಿತು. ಎದ್ದು ನಡೆದು ಹೋಗಿ ಒತ್ತಬೇಕಾದ ಫ್ರಿಜ್ಜಿನ ಟೈಮರೇ ಒಳ್ಳೆಯದು. ಫೋನ್ ಬಿಟ್ಟರೆ ಬೇರೆ ಇಲ್ಲ ಎನ್ನುವವರು ಅದನ್ನು ಎದುರಿನ ಗೋಡೆಯ ಕಪಾಟಿನ ಮೇಲೆ, ಪರದೆ ಕೆಳಗೆ ಮಾಡಿ ಇಡಲಿ. ಬಿಡುವಿನಲ್ಲಿ ಅವಳು ಮಾಡುತ್ತಿದ್ದುದು ಬಾಲ್ಕನಿಯಿಂದ ರಸ್ತೆ ನೋಡುವುದು, ಒಣಗಿದ ಬಟ್ಟೆ ಮಡಚುವುದು, ಅಮ್ಮನಿಗೆ ಕೊತ್ತಂಬರಿ ಸೊಪ್ಪು ಬಿಡಿಸಿಕೊಡುವುದು. ಅಕ್ಕನಿಗಂತೂ ಈ ಪದ್ಧತಿ ಬಹಳ ಹಿಡಿಸಿತು.

ಇದಕ್ಕೊಂದು ಮಿತಿಯಿದೆ, ಅದು ಪರೀಕ್ಷಾ ಕೊಠಡಿ. ಅಲ್ಲಿ ಮೂವತ್ತೈದು ನಿಮಿಷಕ್ಕೊಮ್ಮೆ ಬಾಲ್ಕನಿಗೆ ಹೋಗಲಾಗದು. ಜನವರಿಯಿಂದ ಭಾನುವಾರ ಬೆಳಿಗ್ಗೆ ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಮೂರು ಗಂಟೆ ಟೈಮರಿಲ್ಲದೆ ಕೂತಳು. ಮೊದಲ ಭಾನುವಾರ ಒಂದು ಗಂಟೆ ಹತ್ತು ನಿಮಿಷಕ್ಕೇ ತಲೆ ಕೆಟ್ಟಿತು, ಉಳಿದದ್ದನ್ನು ಹೇಗೋ ಗೀಚಿದಳು. ಮುಂದಿನ ವಾರದಿಂದ ಬಿಡುವನ್ನು ಪತ್ರಿಕೆಯ ಒಳಗೇ ಹುದುಗಿಸಿದೆವು: ಪ್ರತಿ ವಿಭಾಗ ಮುಗಿದಾಗ ಪೆನ್ನು ಕೆಳಗಿಟ್ಟು, ಬಾಟಲಿಯ ನೀರು ಎರಡು ಗುಟುಕು ಕುಡಿದು, ಕಿಟಕಿಯ ಆಚೆ ಇಪ್ಪತ್ತು ಎಣಿಸುವಷ್ಟು ಹೊತ್ತು ನೋಡುವುದು.

ಫೆಬ್ರವರಿಯ ಒಂದು ಭಾನುವಾರ ನಾನು ಹೋದಾಗ ಅವಳು ಪತ್ರಿಕೆ ಬರೆಯುತ್ತಿದ್ದಳು. ಹಿಂದೆ ನಿಂತು ನೋಡಿದೆ. ಬ್ಯಾಲೆನ್ಸ್ ಶೀಟಿನ ಎರಡೂ ಬದಿ ಟ್ಯಾಲಿ ಆಗಿದ್ದವು. ಎಡ ಅಂಚಿನಲ್ಲಿ, ಉತ್ತರಪತ್ರಿಕೆ ತಿದ್ದುವವರಿಗೆ ತಲೆಬುಡ ತಿಳಿಯದ ಹಾಗೆ, ಪೆನ್ಸಿಲಿನಲ್ಲಿ ಒಂದೇ ಒಂದು ಮೇಲ್ಚುಕ್ಕೆ, ಪಕ್ಕದಲ್ಲಿ 1:50.

“ಇದು ಯಾಕೆ?” ಎಂದೆ.

“ಅಮ್ಮ ಒಗ್ಗರಣೆ ಹಾಕಿದ್ರು ಮಾಮ,” ಎಂದಳು, ತಲೆಯೆತ್ತದೆ.